ಹನ್ನೊಂದೋ ಹದಿಮೂರೋ

ಮೇ ತಿಂಗಳ ಕೊನೆಯ ವಾರ. ಉಡುಪಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರದ ಚಪ್ಪಲಿ ಅಂಗಡಿಯಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಶ್ರಾವ್ಯಾ ಒಂದನೇ ಕ್ಲಾಸಿಗೆ ಸೇರುವವಳು. ಅಂಗನವಾಡಿಗೆ ಚಪ್ಪಲಿಯಲ್ಲೇ ಹೋಗಿದ್ದಳು, ಶೂ ಇದೇ ಮೊದಲು. ಬಸ್ ಕಂಡಕ್ಟರ್ ಸುರೇಶ ಡ್ಯೂಟಿ ಮುಗಿಸಿ ಖಾಕಿ ಶರ್ಟಿನಲ್ಲೇ ಬಂದಿದ್ದ. ಸಂಜೆ ಬಂದದ್ದು ಒಳ್ಳೆಯದೇ ಆಯಿತು. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಆಗಲೇ ನೋಡಬೇಕು.

"ಹದಿಮೂರು ನಂಬರ್ ಕೊಡಿ, ಎರಡು ವರ್ಷ ಬರಬೇಕು" ಎಂದ.

ಅಂಗಡಿಯ ಅಕ್ಕ ಮಗುವಿನ ಕಾಲು ನೋಡಿದಳು. "ಅಷ್ಟು ದೊಡ್ಡದು ಯಾಕೆ ಅಣ್ಣ?"

"ಕಾಲು ಬೆಳೀತದಲ್ವಾ?"

"ಹದಿಮೂರಾದ ಮೇಲೆ ಹದಿನಾಲ್ಕಾ ಅಪ್ಪ?" ಶ್ರಾವ್ಯಾ ಕೇಳಿದಳು.

"ಇಲ್ಲ ಮಗಾ, ಪುನಃ ಒಂದರಿಂದ ಶುರು" ಎಂದು ಅಕ್ಕ ನಕ್ಕಳು.

ಕಾಲುಚೀಲ ಹಾಕಿ, ಹದಿಮೂರನ್ನು ತೊಡಿಸಿ ನಡೆಸಿದರು. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಹೊರಗೆ ಬರುತ್ತಿತ್ತು. ಜಾರದಿರಲಿ ಎಂದು ಅವಳು ಒಳಗೆ ಬೆರಳು ಮುದುಡುತ್ತಿದ್ದಳು. ಬಾಗಿಲ ಹತ್ತಿರ ಎಡವಿದಾಗ ಸುರೇಶನೇ ಓಡಿ ಹಿಡಿದ. ಎರಡು ವರ್ಷದ ಮಾತು ಮತ್ತೆ ಅವನ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಅವಳ ಕಣ್ಣು ಬೇರೆ ಜೋಡಿಯ ಮೇಲೆ ಬಿದ್ದಿತ್ತು. ಹನ್ನೊಂದು ನಂಬರ್, ಬಕಲ್ ಮೇಲೆ ಪುಟ್ಟ ಹೂವು, ಮೂತಿ ಚೂಪು.

"ನೋವಾಗ್ತದಾ?" ಅದನ್ನು ತೊಡಿಸಿ ಅಕ್ಕ ಕೇಳಿದಳು.

"ಇಲ್ಲ." ಉತ್ತರ ತುಂಬಾ ಬೇಗ ಬಂತು.

ಇಷ್ಟವಾದ ಶೂಗಾಗಿ ಮಕ್ಕಳು ಎಷ್ಟು ನೋವನ್ನಾದರೂ ನುಂಗುತ್ತಾರೆ. ಹಾಗಾಗಿ ಬಾಯಿ ಮಾತು ನಂಬಬಾರದು, ಕಾಲನ್ನೇ ಕೇಳಬೇಕು. ಅಕ್ಕ ಶೂ ಒಳಗಿನ ತೆಳು ಅಟ್ಟೆ ಎಳೆದು ನೆಲಕ್ಕಿಟ್ಟಳು. "ಇದರ ಮೇಲೆ ನಿಲ್ಲು." ಕಿರುಬೆರಳು ಪೂರ್ತಿ ಹೊರಗೆ. ಎಡಗಾಲು ಬಲಗಾಲಿಗಿಂತ ಚೂರು ಉದ್ದ ಇರುವುದೂ ಆಗಲೇ ಕಂಡದ್ದು.

"ಆದ್ರೆ ಹೂವು ಚಂದ ಉಂಟಲ್ಲ ಅಪ್ಪ."

"ಚಂದ ಉಂಟು ಮಗಾ. ಆದ್ರೆ ಬೆರಳಿಗೆ ಜಾಗ ಇಲ್ಲ, ನೋಡು."

ಅವಳ ತುಟಿ ಉಬ್ಬಿತು. ಅವನು ಅವಸರ ಮಾಡಲಿಲ್ಲ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಕೊನೆಗೆ ಅವಳೇ ಹೂವಿನ ಶೂ ಎತ್ತಿ ಪಕ್ಕಕ್ಕಿಟ್ಟಳು.

ಹನ್ನೆರಡು ಬಂತು. ಅಗಲ ಮೂತಿ, ಅಂಟುಪಟ್ಟಿ. ಶೂ ತೊಟ್ಟು ನಿಂತಾಗ ಸುರೇಶ ಎಡಗಾಲಿನ ತುದಿ ಒತ್ತಿ ನೋಡಿದ. ಬೆರಳ ಮುಂದೆ ಅವನ ಕೈಯ ಹೆಬ್ಬೆರಳು ಅಡ್ಡ ಹಿಡಿಯುವಷ್ಟು ಜಾಗ ಇತ್ತು. ಹಿಮ್ಮಡಿ ಅಲುಗಲಿಲ್ಲ. ಬೆರಳು ಬಾಗುವ ಕಡೆಯೇ ಅಟ್ಟೆಯೂ ಬಾಗಿತು.

"ಓಡಿ ನೋಡ್ಲಾ?"

ಗಿರಾಕಿಗಳ ನಡುವೆ ನುಸುಳಿ, ಚೀಲದ ರಾಶಿ ಸುತ್ತಿ ಬಂದಳು. ಮತ್ತೊಂದು ಸುತ್ತು ಕೇಳದೆಯೇ ಹೋದಳು.

"ಎಷ್ಟು ದಿನ ಬರ್ತದೆ ಅಕ್ಕ?"

"ತಿಂಗಳಿಗೊಮ್ಮೆ ಹೀಗೇ ಒತ್ತಿ ನೋಡಿ. ಜಾಗ ಮುಗಿದ ದಿನ ಬನ್ನಿ. ಮಳೆಗೆ ಒದ್ದೆಯಾದ್ರೆ ಒಳಗೆ ಪೇಪರ್ ತುರುಕಿ, ಒಲೆ ಹತ್ತಿರ ಇಡ್ಬೇಡಿ."

450 ರೂಪಾಯಿ ಎಣಿಸಿ ಕೊಡುವಾಗ ಶ್ರಾವ್ಯಾ ಅಂಗಿ ಜಗ್ಗಿದಳು. "ಅಪ್ಪ, ಒತ್ತಿ ನೋಡೋದು ಪ್ರತಿ ತಿಂಗಳು ನೀವೇ. ಅಮ್ಮ ಕಚಗುಳಿ ಇಡ್ತಾಳೆ."