ಕಾರ್ಡ್‌ಗಳ ಮೊದಲ ಕಂತು: ಅನಾಟಮಿ ಒಂಬತ್ತು, ಮೈಕ್ರೋಬಯಾಲಜಿ ಆರು

ಮಡಿಕೇರಿ ಹಾಸ್ಟೆಲ್, ಜುಲೈ 6, 2025, ಭಾನುವಾರ ರಾತ್ರಿ. ಜಿಎನ್‌ಎಂ ನರ್ಸಿಂಗ್ ಮೊದಲ ವರ್ಷ. ಪರೀಕ್ಷೆ ಸೆಪ್ಟೆಂಬರ್ 15ಕ್ಕೆ.

ಬೆಳಿಗ್ಗೆ ಎಂಟರಿಂದ ಎರಡರವರೆಗೆ ವಾರ್ಡ್, ಮಧ್ಯಾಹ್ನ ತರಗತಿ, ಆಮೇಲೆ ಕೇಸ್ ಷೀಟ್ ಬರೆಯುವ ಕೆಲಸ. ಕೂತು ಓದಲು ಎರಡು ಗಂಟೆ ಒಟ್ಟಿಗೆ ಸಿಗುವುದೇ ಇಲ್ಲ. ಸಿಗುವುದು ಚೂರು ಸಮಯ: ಸ್ನಾನದ ಬಿಸಿನೀರಿಗೆ ಕಾಯುವ ಹತ್ತು ನಿಮಿಷ, ಊಟದ ನಂತರದ ಕಾಲು ಗಂಟೆ, ಶನಿವಾರ ಸೋಮವಾರಪೇಟೆಗೆ ಹೋಗುವ ಬಸ್ಸು. ಆ ಚೂರುಗಳಿಗೆ ಹೊಂದುವಂತೆ, ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದ ಈ ಕಾರ್ಡ್‌ಗಳು. ಮೊಬೈಲ್ ಬದಲು ಕಾಗದವೇ ಇರಲಿ. ಈ ಮಳೆಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಕಾರ್ಡ್‌ಗಳು ಬಿಸ್ಕತ್ ಡಬ್ಬಿಯೊಳಗೆ ಇರಬೇಕು, ಹೊರಗಿಟ್ಟರೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ.

ದಿನಕ್ಕೆ ಮೂರು ಹೊಸ ಕಾರ್ಡ್, ಸೋಮವಾರದಿಂದ ಶುಕ್ರವಾರ. ಹೀಗೆ ನಾಲ್ಕು ವಾರ, ಒಟ್ಟು 60. ಸರಿಯಾಗಿ ಹೇಳಿದ ಕಾರ್ಡನ್ನು ಮತ್ತೆ ನೋಡುವ ಅಂತರ 1, 3, 7, 16, 35 ದಿನ. ಅಂದರೆ ಜುಲೈ 7ರ ಕಾರ್ಡ್ ಮತ್ತೆ ಕೈಗೆ ಬರುವುದು ಜುಲೈ 8, 11, 18, ಆಗಸ್ಟ್ 3, ಸೆಪ್ಟೆಂಬರ್ 7ರಂದು. ದಿನಾಂಕಗಳನ್ನು ಕಾರ್ಡಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆಯುವುದು. ಎರಡನೇ ವಾರದ ಕಂತಿನಿಂದ ಕೊನೆಯ 35 ದಿನದ ಲೆಕ್ಕ ಪರೀಕ್ಷೆಯ ಹಿಂದಿನ ದಿನಕ್ಕೋ ಅದರಾಚೆಗೋ ಬೀಳುತ್ತದೆ. ಆ ಕಾರ್ಡ್‌ಗಳನ್ನೆಲ್ಲ ಸೆಪ್ಟೆಂಬರ್ 8ರಿಂದ 12ರೊಳಗೆ ಕೊನೆಯ ಬಾರಿ ನೋಡುವುದು.

ತಪ್ಪಿದ ಕಾರ್ಡ್ ಮರುದಿನವೇ ಮತ್ತೆ ಬರಬೇಕು, ಲೆಕ್ಕ ಒಂದರಿಂದ ಶುರು. ಮೂರು ಸಲ ತಪ್ಪಿದರೆ ತಪ್ಪು ನೆನಪಿನದಲ್ಲ, ಕಾರ್ಡಿನದು: ಒಂದೇ ಪ್ರಶ್ನೆಯೊಳಗೆ ಎರಡು ಮೂರು ಪ್ರಶ್ನೆ ತುರುಕಿರುತ್ತೇನೆ. ಹೋದ ತಿಂಗಳು 'ಹೃದಯದ ಕವಾಟಗಳನ್ನು ವಿವರಿಸಿ' ಎಂದು ಬರೆದ ಕಾರ್ಡ್ ಒಮ್ಮೆಯೂ ಪೂರ್ತಿ ಬರಲಿಲ್ಲ. ಅದನ್ನು ಹರಿದು ಆರು ಕಾರ್ಡ್ ಮಾಡಿದ ಮೇಲೆ ಸಲೀಸಾಯಿತು. ಇನ್ನೊಂದು ಕಟ್ಟುನಿಟ್ಟು: ಉತ್ತರವನ್ನು ಬಾಯಿಬಿಟ್ಟು ಹೇಳಿದ ನಂತರವೇ ಕಾರ್ಡ್ ತಿರುಗಿಸಬೇಕು. ನೋಡಿದ ಮೇಲೆ 'ಇದು ಗೊತ್ತಿತ್ತು' ಅನ್ನಿಸುವುದು ಲೆಕ್ಕಕ್ಕಿಲ್ಲ.

ಸೋಮವಾರ, ಜುಲೈ 7

1. ಮುಂದೆ: ಡೆಲ್ಟಾಯ್ಡ್‌ಗೆ ಇಂಜೆಕ್ಷನ್ ಕೊಡುವಾಗ ಬೆರಳಿಟ್ಟು ಹುಡುಕುವ ಮೂಳೆಯ ತುದಿ ಯಾವುದು?
ಹಿಂದೆ: ಅಕ್ರೋಮಿಯನ್. ಅಲ್ಲಿಂದ ಎರಡು ಮೂರು ಬೆರಳಗಲ ಕೆಳಗೆ ಸ್ನಾಯು ದಪ್ಪಗಿರುತ್ತದೆ. (ಹೇಳುವಾಗ ನನ್ನ ತೋಳಿನ ಮೇಲೆಯೇ ಮುಟ್ಟಿ ತೋರಿಸಬೇಕು.)

2. ಮುಂದೆ: ಡೆಲ್ಟಾಯ್ಡ್ ಸ್ನಾಯುವಿನ ನರ?
ಹಿಂದೆ: ಆಕ್ಸಿಲರಿ ನರ.

3. ಮುಂದೆ: ಗ್ರಾಂ ಸ್ಟೇನಿಂಗ್‌ನ ನಾಲ್ಕು ದ್ರವಗಳು, ಕ್ರಮವಾಗಿ?
ಹಿಂದೆ: ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೋಹಾಲ್, ಸಾಫ್ರನಿನ್. ಬಣ್ಣ ಹಾಕು, ಕಚ್ಚಿಸು, ತೊಳೆ, ಮತ್ತೆ ಬಣ್ಣ ಹಾಕು.

ಮಂಗಳವಾರ, ಜುಲೈ 8

4. ಮುಂದೆ: ಪೃಷ್ಠಕ್ಕೆ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರಭಾಗದ ಕಾಲು ಪಾಲನ್ನೇ ಏಕೆ ಆರಿಸುತ್ತೇವೆ?
ಹಿಂದೆ: ಸಯಾಟಿಕ್ ನರದಿಂದ ದೂರವಿರಲು. ಇದು ದೇಹದ ಅತಿ ದಪ್ಪ ನರ. ಸೂಜಿ ತಗುಲಿದರೆ ಕಾಲಿನ ಬಲವೇ ಹೋಗಬಹುದು. ಈ ಒಂದು ಕಾರ್ಡ್ ತಪ್ಪುವಂತಿಲ್ಲ.

5. ಮುಂದೆ: ವಯಸ್ಕರಲ್ಲಿ ಲಂಬಾರ್ ಪಂಕ್ಚರ್ ಸೂಜಿ ಎಲ್‌3ಕ್ಕಿಂತ ಮೇಲೆ ಏಕೆ ಹೋಗಬಾರದು?
ಹಿಂದೆ: ಬೆನ್ನುಹುರಿ ಎಲ್‌1, ಎಲ್‌2ರ ಸುಮಾರಿಗೆ ಮುಗಿಯುತ್ತದೆ. ಎಲ್‌3-ಎಲ್‌4 ಅಥವಾ ಎಲ್‌4-ಎಲ್‌5ರ ನಡುವೆ ಚುಚ್ಚಿದರೆ ಹುರಿಗೆ ಪೆಟ್ಟಿಲ್ಲ.

6. ಮುಂದೆ: ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿಯುವುದು ಏಕೆ?
ಹಿಂದೆ: ಜೀವಕೋಶದ ಗೋಡೆಯಲ್ಲಿ ಪೆಪ್ಟಿಡೋಗ್ಲೈಕನ್ ದಪ್ಪ, ಆಲ್ಕೋಹಾಲ್ ತೊಳೆದರೂ ಬಣ್ಣ ಬಿಡುವುದಿಲ್ಲ. ನೆಗೆಟಿವ್‌ನ ಗೋಡೆ ತೆಳು, ನೇರಳೆ ಹೋಗಿ ಗುಲಾಬಿ ಹಿಡಿಯುತ್ತದೆ.

ಬುಧವಾರ, ಜುಲೈ 9

7. ಮುಂದೆ: ಮಗು ನುಂಗಿದ ಕಡಲೆಕಾಯಿ ಬೀಜ ಶ್ವಾಸನಾಳ ದಾಟಿದರೆ ಹೆಚ್ಚಾಗಿ ಯಾವ ಕಡೆಗೆ ಹೋಗುತ್ತದೆ, ಏಕೆ?
ಹಿಂದೆ: ಬಲಗಡೆಗೆ. ಬಲ ಬ್ರಾಂಕಸ್ ಅಗಲ, ಗಿಡ್ಡ, ಹೆಚ್ಚು ನೇರ.

8. ಮುಂದೆ: ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುವ ಅಪಧಮನಿ?
ಹಿಂದೆ: ಪಲ್ಮನರಿ ಅಪಧಮನಿ. ಅಪಧಮನಿ ಎಂದರೆ ಹೃದಯದಿಂದ ಹೊರಗೆ ಒಯ್ಯುವುದು, ಅಷ್ಟೇ. ಒಳಗಿನ ರಕ್ತ ಯಾವುದೆಂಬುದು ಬೇರೆ ಮಾತು.

9. ಮುಂದೆ: ಆಟೋಕ್ಲೇವ್: ಉಷ್ಣತೆ, ಒತ್ತಡ, ಸಮಯ?
ಹಿಂದೆ: 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್, 15 ನಿಮಿಷ. ಅಮ್ಮನ ಕುಕ್ಕರ್‌ನದೇ ತತ್ವ: ಒತ್ತಡ ಏರಿದರೆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ನಿಲ್ಲುತ್ತದೆ. ಬರಿದೆ ಕುದಿಸಿದರೆ ಸಾಯದ ಸ್ಪೋರ್‌ಗಳು ಇಲ್ಲಿ ಸಾಯುತ್ತವೆ.

ಗುರುವಾರ, ಜುಲೈ 10

10. ಮುಂದೆ: ಎಡ ಏಟ್ರಿಯಂ ಮತ್ತು ಎಡ ವೆಂಟ್ರಿಕಲ್ ನಡುವಿನ ಕವಾಟ? ಎಷ್ಟು ಪದರ?
ಹಿಂದೆ: ಮೈಟ್ರಲ್. ಎರಡು.

11. ಮುಂದೆ: ಎಸ್‌ಎ ನೋಡ್ ಎಲ್ಲಿದೆ?
ಹಿಂದೆ: ಬಲ ಏಟ್ರಿಯಂನ ಗೋಡೆಯಲ್ಲಿ, ಸುಪೀರಿಯರ್ ವೀನಾ ಕೇವಾ ಬಂದು ಸೇರುವ ಜಾಗದ ಬಳಿ.

12. ಮುಂದೆ: ತೋಟದಲ್ಲಿ ಕತ್ತಿ ತಾಗಿ ಆಳದ ಗಾಯ, ಮಣ್ಣು ಮೆತ್ತಿದೆ. ಯಾವ ಬ್ಯಾಕ್ಟೀರಿಯಾದ ಭಯ? ಆಳದ ಗಾಯವೇ ಅದಕ್ಕೆ ಅನುಕೂಲ ಏಕೆ?
ಹಿಂದೆ: ಕ್ಲಾಸ್ಟ್ರಿಡಿಯಂ ಟೆಟಾನಿ. ಗಾಳಿಯಿಲ್ಲದ ಕಡೆ ಬೆಳೆಯುವಂಥದು. ಸ್ಪೋರ್ ಮಣ್ಣಿನಲ್ಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಡೋಲಿನ ಕೋಲಿನಂತೆ, ತುದಿಯಲ್ಲಿ ಗುಂಡು. (ಎರಡು ಪ್ರಶ್ನೆ ಆಯಿತು. ತಪ್ಪಿದರೆ ಸೀಳಬೇಕು.)

ಶುಕ್ರವಾರ, ಜುಲೈ 11

13. ಮುಂದೆ: ಹೆಂಗಸರಿಗೆ ಮೂತ್ರದ ಸೋಂಕು ಹೆಚ್ಚು. ಅನಾಟಮಿಯಲ್ಲಿ ಕಾರಣ?
ಹಿಂದೆ: ಯುರೇತ್ರಾ ಗಿಡ್ಡ, ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಗುದದ್ವಾರ ಹತ್ತಿರ, ಅಲ್ಲಿನ ಇ. ಕೋಲೈ ಸುಲಭವಾಗಿ ಏರುತ್ತದೆ. ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ.

14. ಮುಂದೆ: ಕ್ಷಯದ ಬ್ಯಾಕ್ಟೀರಿಯಾವನ್ನು ಆಸಿಡ್ ಫಾಸ್ಟ್ ಎನ್ನುವುದೇಕೆ?
ಹಿಂದೆ: ಗೋಡೆಯಲ್ಲಿ ಮೈಕೋಲಿಕ್ ಆಮ್ಲವಿದೆ, ಒಮ್ಮೆ ಹಿಡಿದ ಕಾರ್ಬಾಲ್ ಫುಕ್ಸಿನ್ ಕೆಂಪನ್ನು ಆಮ್ಲ ತೊಳೆದರೂ ಬಿಡದು. ಜೀಲ್-ನೀಲ್ಸನ್ ವಿಧಾನ. ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದವರು ರಾಬರ್ಟ್ ಕಾಖ್, 1882.

15. ಮುಂದೆ: ನಾಟಿಯ ಕಾಲ. ಗದ್ದೆಯಲ್ಲಿ ಬರಿಗಾಲಲ್ಲಿ ನಿಂತವರಿಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಏನೆಂದು ಅನುಮಾನ? ದೇಹಕ್ಕೆ ದಾರಿ?
ಹಿಂದೆ: ಇಲಿ ಜ್ವರ, ಲೆಪ್ಟೋಸ್ಪೈರಾ. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಒಡಕು ಮತ್ತು ಗಾಯದ ಮೂಲಕ. ಸುರುಳಿಯಾಕಾರ, ತೀರಾ ತೆಳು. ನೋಡಲು ಡಾರ್ಕ್ ಫೀಲ್ಡ್ ಸೂಕ್ಷ್ಮದರ್ಶಕ ಬೇಕು.
ಈ ಕಾರ್ಡ್ ಬರೆಯುವಾಗ ಅಪ್ಪನ ಹಿಮ್ಮಡಿಯ ಒಡಕು ಕಣ್ಣೆದುರು ಬಂತು. ಮುಂದಿನ ವಾರ ನಮ್ಮ ಗದ್ದೆಯ ನಾಟಿ. ಗಂಬೂಟು ಹಾಕದೆ ಇಳಿಯಬೇಡಿ ಎಂದು ನಾಳೆಯೇ ಫೋನ್ ಮಾಡಬೇಕು.

ಶನಿವಾರ, ಜುಲೈ 12: ಹೊಸದಿಲ್ಲ. ಊರಿನ ಬಸ್ಸಿನಲ್ಲಿ 4, 5, 6, 13, 14, 15. ಮಾದಾಪುರ ಬರುವಷ್ಟರಲ್ಲಿ ಆರೂ ಮುಗಿಯಬೇಕು.
ಭಾನುವಾರ, ಜುಲೈ 13: 7, 8, 9. ಅಮ್ಮನ ಕೈಯಲ್ಲಿ ಕಾರ್ಡ್ ಕೊಟ್ಟು ಪ್ರಶ್ನೆ ಓದಿಸುವುದು.