ಬಿ.ಡಿ. ಪ್ರವೇಶಕ್ಕೆ ಶಿಫಾರಸು ಪತ್ರ

ಗದಗ
12 ಮಾರ್ಚ್ 2025

ಪ್ರಾಂಶುಪಾಲರಿಗೆ,
ಕರ್ನಾಟಕ ಥಿಯಾಲಾಜಿಕಲ್ ಕಾಲೇಜು,
ಬಲ್ಮಠ, ಮಂಗಳೂರು

ಮಾನ್ಯರೇ,

ವಿಷಯ: ಬಿ.ಡಿ. ಪ್ರವೇಶಕ್ಕೆ ಅರ್ಜಿ ಹಾಕಿರುವ ವಿದ್ಯಾರ್ಥಿ ಸಮುವೇಲನ ಬಗ್ಗೆ

ಸಮುವೇಲ ಮೂರು ವರ್ಷ ನನ್ನ ಹತ್ತಿರ ಕನ್ನಡ ಓದಿದ್ದಾನೆ. ಬಿ.ಎ.ಯಲ್ಲಿ ಕನ್ನಡ ಮತ್ತು ಇತಿಹಾಸ ಅವನ ವಿಷಯಗಳು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕ್ರೈಸ್ತಳಲ್ಲ. ಅವನ ಭಕ್ತಿ ಎಷ್ಟು ಗಟ್ಟಿ ಅನ್ನುವುದನ್ನು ಅವನ ಸಭೆಯ ಪಾಲಕರು ಬರೆಯುತ್ತಾರೆ. ಅವನು ಹೇಗೆ ಓದುತ್ತಾನೆ ಅನ್ನುವುದಷ್ಟೇ ನನಗೆ ಗೊತ್ತು, ಅದನ್ನೇ ಬರೆಯುತ್ತೇನೆ.

ಎರಡನೇ ವರ್ಷದಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ತಮಗೆ ಬಾಯಿಪಾಠ ಇರುವ ಯಾವುದಾದರೂ ಪದ್ಯ ತೆಗೆದುಕೊಂಡು, ಅದರ ಒಂದೇ ಒಂದು ಪದದ ಬಗ್ಗೆ ಬರೆಯಬೇಕು. ಇವನು 23ನೇ ಕೀರ್ತನೆ ಆರಿಸಿಕೊಂಡ. ಯೆಹೋವನು ನನಗೆ ಕುರುಬನು ಅಂತ ಶುರುವಾಗುತ್ತದಲ್ಲ, ಅದು. ಅವನ ಪದ ‘ಕುರುಬ’. ಚಿಕ್ಕಂದಿನಿಂದ ಹೇಳುತ್ತಾ ಬಂದ ಸಾಲು. ಆದರೆ ನಮ್ಮ ಕಡೆ ಕುರುಬ ಅಂದರೆ ಬರೀ ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರೂ ಹೌದು. ಅವನ ಪಕ್ಕದ ಬೆಂಚಿನ ಗೆಳೆಯನೇ ಕುರುಬರ ಹುಡುಗ. ‘ಈ ಸಾಲು ಅವನ ಕಿವಿಗೆ ಹೇಗೆ ಕೇಳಿಸುತ್ತದೆ ಮೇಡಂ?’ ಅಂತ ನನ್ನನ್ನು ಕೇಳಿದ. ನನಗೇನು ಗೊತ್ತು? ಹೋಗಿ ಅವನನ್ನೇ ಕೇಳು ಅಂದೆ.

ನಿಜವಾಗಿಯೂ ಹೋದ. ಗೆಳೆಯನ ಅಜ್ಜ ಇನ್ನೂ ಕುರಿ ಕಾಯುತ್ತಾರೆ. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ ಕಡೆ ಎರಡು ರಾತ್ರಿ ಅವರ ಜೊತೆ ಕಂಬಳಿ ಹೊದ್ದು ಮಲಗಿದ. ಬೆಳಿಗ್ಗೆ ಏಳರ ಬಸ್ಸಿಗೆ ಕ್ಲಾಸಿಗೆ ಬಂದಾಗ ಮೈಯೆಲ್ಲಾ ಕುರಿ ವಾಸನೆ. ಆಮೇಲೆ ಬರೆದದ್ದು ನಾಲ್ಕೇ ಪುಟ. ಕೋಲು ಕುರಿಯನ್ನು ಹೊಡೆಯುವುದಕ್ಕಿಂತ ತೋಳವನ್ನು ದೂರ ಇಡುವುದಕ್ಕೆ ಜಾಸ್ತಿ ಬೇಕು ಅಂತ ಅಜ್ಜ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿದ್ದ. ಕೊನೆಯಲ್ಲಿ ಇನ್ನೊಂದು ಮಾತು ಇತ್ತು: ಪ್ರಾರ್ಥನೆಯಲ್ಲಿ ಕುರುಬನನ್ನು ದೇವರಿಗೆ ಹೋಲಿಸುವ ನಾವು, ಊರಲ್ಲಿ ಅದೇ ಹೆಸರನ್ನು ಬೈಗುಳದ ಹಾಗೆ ಬಳಸುವುದನ್ನು ಕೇಳಿಸಿಕೊಂಡು ಸುಮ್ನೆ ಇದ್ದೇವೆ. ತನ್ನನ್ನೂ ಬಿಡದೆ ‘ನಾವು’ ಅಂತ ಬರೆದಿದ್ದ. ಅಷ್ಟು ಒಳ್ಳೆಯ ನಾಲ್ಕು ಪುಟ ಈಚೆಗೆ ನನ್ನ ಕೈಗೆ ಬಂದಿಲ್ಲ.

ಅವನ ತಂದೆ ಬೆಟಗೇರಿಯಲ್ಲಿ ಕೈಮಗ್ಗದ ನೇಕಾರರು. ವಚನಗಳ ಪಾಠದಲ್ಲಿ ದೇವರ ದಾಸಿಮಯ್ಯನೂ ನೇಕಾರ ಅಂದ ದಿನ ಇವನ ಮುಖ ನೋಡಬೇಕಿತ್ತು. ಪೌಲನೂ ಗುಡಾರ ಮಾಡಿ ಬದುಕುತ್ತಿದ್ದವನು ಅಂತ ನನಗೆ ಹೇಳಿಕೊಟ್ಟವನು ಇವನೇ. ಹಿಂದಿನ ಬೆಂಚಿನಿಂದ ಒಬ್ಬ, ‘ಹಂಗಾರ ಇಬ್ಬರ ದೇವರೂ ಒಂದೇ ಏನಲೇ?’ ಅಂತ ಕೆಣಕಿದ. ‘ಗೊತ್ತಿಲ್ಲೋ, ಮೊದಲ ಇಬ್ಬರನ್ನೂ ಸರಿಯಾಗಿ ಓದೂಣು’ ಅಂದ. ಎಲ್ಲಾ ಒಂದೇ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ನಮ್ಮದೇ ದೊಡ್ಡದು ಅಂತ ಜಗಳಕ್ಕೂ ನಿಲ್ಲಬಹುದಿತ್ತು. ಎರಡೂ ಮಾಡಲಿಲ್ಲ. ಈ ಓದಿಗೆ ಅವನು ತಕ್ಕವನು ಅಂತ ನನಗೆ ಅನ್ನಿಸಿದ್ದು ಆವತ್ತು.

ಇನ್ನು ಕೊರತೆಗಳು. ಇಂಗ್ಲಿಷ್ ನಿಧಾನ. ಮೊದಲ ವರ್ಷ ಆ ಪೇಪರ್ ಒಮ್ಮೆ ಹೋಗಿತ್ತು, ಮತ್ತೆ ಕಟ್ಟಿ ಪಾಸಾದ. ಬರೆದದ್ದನ್ನು ಸಮಯಕ್ಕೆ ಕೊಡುವುದಿಲ್ಲ. ತಿದ್ದುತ್ತಲೇ ಇರುತ್ತಾನೆ, ನಾನೇ ಕಿತ್ತುಕೊಳ್ಳಬೇಕು. ಹೀಬ್ರೂ, ಗ್ರೀಕ್ ಕಲಿಯಬೇಕಲ್ಲ ಎಂಬ ಅಂಜಿಕೆಯೂ ಇದೆ. ಆದರೆ ಹಳಗನ್ನಡಕ್ಕೂ ಹೀಗೇ ಅಂಜಿದ್ದ. ದಿನಾ ಸಂಜೆ ಲೈಬ್ರರಿಯಲ್ಲಿ ಕಿಟೆಲ್ ನಿಘಂಟು ಹಿಡಿದು ಕೂತು ಆ ಅಂಜಿಕೆ ಬಿಡಿಸಿಕೊಂಡ. ಮಧ್ಯೆ ಮಗ್ಗದ ಪದಗಳನ್ನೂ ಹುಡುಕಿ, ಅದರಲ್ಲಿ ಸಿಗದವನ್ನು ಅಮ್ಮನಿಂದ ಕೇಳಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. 1894ರ ನಿಘಂಟಿಗೆ 2025ರಲ್ಲಿ ಬೆಟಗೇರಿಯಿಂದ ಪುರವಣಿ! ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರ ಇರುವ ನಿಮ್ಮ ಪತ್ರಾಗಾರದ ಬಾಗಿಲು ಅವನಿಗೆ ತೆರೆದರೆ, ಊಟಕ್ಕೆ ಕರೆಯಲು ಯಾರನ್ನಾದರೂ ಕಳಿಸಬೇಕಾಗುತ್ತದೆ.

ಮನೆಯ ಪರಿಸ್ಥಿತಿ ಸಾಧಾರಣ. ದುಡಿಯುವವರು ತಂದೆ ಒಬ್ಬರೇ. ಹಾಸ್ಟೆಲ್ ಫೀಯಲ್ಲಿ ಏನಾದರೂ ರಿಯಾಯಿತಿ ಇದ್ದರೆ ದಯವಿಟ್ಟು ಪರಿಗಣಿಸಿ. ಅವನಾಗಿ ಕೇಳುವ ಹುಡುಗನಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ.

ಅವನನ್ನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಹೆಚ್ಚಿನ ವಿವರ ಬೇಕಾದರೆ ಫೋನ್ ಮಾಡಿ, ಅರ್ಜಿಯಲ್ಲಿ ನನ್ನ ನಂಬರ್ ಇದೆ. ಸಂದರ್ಶನದಲ್ಲಿ ಪ್ರಶ್ನೆ ಕೇಳಿದ ಕೂಡಲೇ ಅವನು ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ನೆಲ ನೋಡುತ್ತಾನೆ. ದಯವಿಟ್ಟು ಅಷ್ಟು ಹೊತ್ತು ಕಾಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಲಲಿತಾ
ಕನ್ನಡ ಉಪನ್ಯಾಸಕಿ
ಪದವಿ ಕಾಲೇಜು, ಗದಗ