ಸಂಘದ ವಿಸರ್ಜನೆಗೆ ಕರೆದ ವಿಶೇಷ ಮಹಾಸಭೆಯ ನಡಾವಳಿ

ಮಡಿಕೇರಿ ತಾಲ್ಲೂಕು ನಾಪೋಕ್ಲು ಹೋಬಳಿಯ ನಮ್ಮ ಊರಿನ ಪಾತ್ರೆ-ಕುರ್ಚಿ ಸಂಘದ ವಿಶೇಷ ಮಹಾಸಭೆ 16-03-2025ರ ಭಾನುವಾರ ಬೆಳಗ್ಗೆ 10.30ಕ್ಕೆ ಸಂಘದ ಬಾಡಿಗೆ ಕಟ್ಟಡದಲ್ಲಿ ಅಧ್ಯಕ್ಷರ ಹಿರಿತನದಲ್ಲಿ ನಡೆಯಿತು. 41 ಸದಸ್ಯರಲ್ಲಿ 33 ಮಂದಿ ಹಾಜರಿದ್ದರು. ಕಾಫಿ ಕೊಯ್ಲು ಮುಗಿದಿದ್ದರಿಂದ ಇಷ್ಟು ಜನ ಸೇರಿದರು. ಸಭೆಯ ನೋಟಿಸ್ ಎಲ್ಲರಿಗೂ ಮೊದಲೇ ತಲುಪಿದೆ ಎಂದು ಕಾರ್ಯದರ್ಶಿ ಖಚಿತಪಡಿಸಿದರು.

ಮದುವೆ, ತಿಥಿ ಎಲ್ಲದಕ್ಕೂ ಈಗ ಅಡುಗೆಯವರೇ ಪಾತ್ರೆ, ಕುರ್ಚಿ ತರುತ್ತಾರೆ. ಪಾತ್ರೆ, ಕುರ್ಚಿ ಬಾಡಿಗೆಗೆ ಕೊಟ್ಟು ಕಳೆದ ವರ್ಷ ಸಂಘಕ್ಕೆ ಬಂದ ಹಣ ಕಟ್ಟಡದ ಬಾಡಿಗೆಗೂ ಸಾಲಲಿಲ್ಲ. ಸುಮ್ನೆ ಎಳೆಯೋದು ಬೇಡ ಎಂಬ ಮಾತು ಹೆಚ್ಚಿನವರದು. "ಇನ್ನೊಂದು ವರ್ಷ ನೋಡೋಣ" ಎಂದವರೂ ಇದ್ದರು.

ಠರಾವು 1: ಸಂಘವನ್ನು ಇಂದಿನಿಂದ ವಿಸರ್ಜಿಸುವುದು. ಪರ 29, ವಿರೋಧ 3, ತಟಸ್ಥ 1. ಒಟ್ಟು ಸದಸ್ಯರ ಐದರಲ್ಲಿ ಮೂರು ಪಾಲಿಗಿಂತ ಜಾಸ್ತಿ ಮತ ಬಂದಿದ್ದರಿಂದ ಅಂಗೀಕಾರ.

ಠರಾವು 2: ಬ್ಯಾಂಕಿನಲ್ಲಿರುವ ರೂ. 1,86,400ರಿಂದ ಮೊದಲು ಬಾಕಿ ತೀರಿಸುವುದು. ಪಾತ್ರೆ ತೊಳೆದು ಕೊಡುತ್ತಿದ್ದ ನೌಕರರ 5 ತಿಂಗಳ ಸಂಬಳ ರೂ. 20,000, ಜತೆಗೆ ಬೀಳ್ಕೊಡುಗೆ ರೂ. 15,000. ಈ ಹಣ ಎಲ್ಲಕ್ಕಿಂತ ಮೊದಲು ಹೋಗಬೇಕೆಂದು ಸದಸ್ಯರು ಒಟ್ಟಾಗಿ ಹೇಳಿದರು. ನಂತರ ಕಟ್ಟಡ ಬಾಡಿಗೆ ರೂ. 15,000, ಕರೆಂಟ್ ಬಿಲ್ ರೂ. 2,340, ಆಡಿಟರ್ ಫೀಸು ರೂ. 6,000, ಗಿರಾಕಿಗಳ ಮುಂಗಡ ವಾಪಸ್ ರೂ. 4,000. ಒಟ್ಟು ರೂ. 62,340. ಅಂಗೀಕಾರ.

ಠರಾವು 3: ಉಳಿಯುವ ರೂ. 1,24,060ರಲ್ಲಿ ರೂ. 10,000ವನ್ನು ಮುಚ್ಚುವ ಖರ್ಚಿಗೆ ಇಟ್ಟು, ಮಿಕ್ಕ ರೂ. 1,14,060, ಕುರ್ಚಿ ಹಾಗೂ ಪಾತ್ರೆಗಳನ್ನು ಪಕ್ಕದ ಊರಿನ ನೋಂದಾಯಿತ ಮಹಿಳಾ ಸಮಾಜಕ್ಕೆ ಕೊಡುವುದು. ಖರ್ಚಿನ ಹಣದಲ್ಲಿ ಉಳಿದದ್ದೂ ಅಲ್ಲಿಗೇ.

ಇಲ್ಲೇ ಚರ್ಚೆ ಬೆಳೆಯಿತು. ಒಬ್ಬ ಸದಸ್ಯರು, "ನಾವು ಕಟ್ಟಿದ ದುಡ್ಡು ಅಲ್ವಾ, ಮನೆಮನೆಗೆ ಹಂಚಿಬಿಡೋಣ" ಎಂದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮುಚ್ಚಿದಾಗ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಎಂದು ಕಾರ್ಯದರ್ಶಿ ತಿಳಿಸಿದರು. ದೊಡ್ಡ ತಾಮ್ರದ ಹಂಡೆಯ ಮಾತೂ ಬಂತು. ಅದರ ಕಂಠದ ಮೇಲೆ ಕೊಟ್ಟ ಮನೆತನದ ಹೆಸರು ಕೊರೆದಿದೆ, ಒಂದು ಕಿವಿ ಬೆಸುಗೆ ಹಾಕಿದ್ದು. ಆ ಮನೆಯವರು ವಾಪಸ್ ಕೇಳಿದರು. ದಾಸ್ತಾನು ಪುಸ್ತಕ ತೆರೆದು ನೋಡಿದಾಗ "ದಾನ" ಎಂದೇ ಬರೆದಿತ್ತು. ಅವರೇ ಒಪ್ಪಿ, ಹೆಸರು ಅಳಿಸಬಾರದು ಎಂದಷ್ಟೇ ಕೇಳಿದರು. ಒಪ್ಪಲಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಕ್ಕೆ ಹೋಗಿ ವಾಪಸ್ ಬಾರದ 2 ಪಾತ್ರೆಗಳನ್ನು ಲೆಕ್ಕದಿಂದ ತೆಗೆಯಲಾಯಿತು. ಯಾರೂ ಆಕ್ಷೇಪಿಸಲಿಲ್ಲ. ಠರಾವು ಪರ 31, ವಿರೋಧ 2. ಅಂಗೀಕಾರ.

ಠರಾವು 4: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಸೇರಿ 60 ದಿನದೊಳಗೆ ಬಾಕಿ ತೀರಿಸಿ, ಎಲ್ಲದಕ್ಕೂ ರಸೀದಿ ಪಡೆದು, ಬ್ಯಾಂಕ್ ಖಾತೆ ಮುಚ್ಚಿ, ಆಡಿಟ್ ಆದ ಲೆಕ್ಕ ಹಾಗೂ ಈ ನಡಾವಳಿಯ ಪ್ರತಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸುವುದು. ಹೊಸ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಸರ್ವಾನುಮತದಿಂದ ಅಂಗೀಕಾರ.

ಖಜಾಂಚಿ ವಂದನೆ ಹೇಳಿದರು. ಮಧ್ಯಾಹ್ನ 1.15ಕ್ಕೆ ಸಭೆ ಮುಗಿಯಿತು. ನಡಾವಳಿ ಓದಿ ಹೇಳಿದ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಹಾಜರಿದ್ದ ಸದಸ್ಯರು ಸಹಿ ಹಾಕಿದರು.